ಮಗನ ಫೋನಲ್ಲಿ ಆ ವಿಡಿಯೋ ಕಂಡರೆ ಮೊದಲ ಮಾತು ಏನಿರಬೇಕು?

[ದೃಶ್ಯ: ಮೂಡಿಗೆರೆ ಹತ್ತಿರ ಒಂದು ಮನೆ, ಕಣದಲ್ಲಿ ಒಣಗ್ತಿರೋ ಕಾಫಿ]

ನಮಸ್ಕಾರ. 15 ವರ್ಷದ ಹುಡುಗ ಅಂದ್ಕೊಳ್ಳಿ. ಫೋನ್ ಚಾರ್ಜಿಗೆ ಹಾಕೋಕೆ ಹೋದ ಅಮ್ಮನ ಕಣ್ಣಿಗೆ ಅಶ್ಲೀಲ ವಿಡಿಯೋ ಬೀಳುತ್ತೆ. ಬಾಯಿಗೆ ಬರೋದು ಒಂದೇ ಮಾತು: "ಥೂ, ನಾಚಿಕೆ ಆಗಲ್ವಾ ನಿಂಗೆ?"

ಆ ಮಾತು ಆಡಿದ್ರೆ ಅವನು ನೋಡೋದು ಬಿಡಲ್ಲ, ಬಚ್ಚಿಟ್ಟು ನೋಡೋದು ಕಲೀತಾನೆ. ಫೋನಿಗೆ ಹೊಸ ಲಾಕ್ ಬಿತ್ತು, ನೀವು ಹತ್ರ ಬಂದ ಕೂಡ್ಲೇ ಸ್ಕ್ರೀನ್ ಮಗುಚಿ ಇಡ್ತಾನೆ ಅಂದ್ರೆ ಅವನ ಅನುಮಾನಗಳು ಇನ್ನು ನಿಮ್ಮ ಹತ್ರ ಬರಲ್ಲ ಅಂತ ಲೆಕ್ಕ.

ಸಿನಿಮಾದಲ್ಲಿ ಹೀರೋ ಹತ್ತು ಜನರನ್ನ ಎತ್ತಿ ಎಸೀತಾನೆ. ಅದು ಸುಳ್ಳು ಅಂತ ಇದೇ ಹುಡುಗನಿಗೆ ಗೊತ್ತು, ಯಾಕಂದ್ರೆ ನಿಜವಾದ ಜಗಳ ಸಂತೇಲಿ ನೋಡಿದಾನೆ. ಆದ್ರೆ ಈ ವಿಡಿಯೋ ಜೊತೆ ಹೋಲಿಸಿ ನೋಡೋಕೆ ಅವನ ಹತ್ರ ನಿಜದ್ದು ಏನೂ ಇಲ್ಲ. ಕಂಡಿದ್ದೇ ಸತ್ಯ ಅಂದ್ಕೋತಾನೆ. ತನ್ನ ಮೈಯಲ್ಲೇ ಏನೋ ಕೊರತೆ ಇದೆ ಅಂತ ಒಳಗೊಳಗೇ ಕೊರಗೋ ಹುಡುಗರಿದ್ದಾರೆ, ಹುಡುಗೀರೂ ಇದ್ದಾರೆ.

ಹಾಗಾಗಿ ಆ ಅಮ್ಮ ಒಂದು ದಿನ ಸುಮ್ಮನಿರಲಿ. ಮಾರನೇ ದಿನ ಇಬ್ಬರೇ ಕಣದಲ್ಲಿ ಕಾಫಿ ಕೈಯಾಡಿಸುವಾಗ ಮಾತು ತೆಗೀಲಿ. ಕೈಗೆ ಕೆಲಸ ಇದ್ರೆ ಮುಖ ಮುಖ ನೋಡೋ ಮುಜುಗರ ಇರಲ್ಲ. ಅಪ್ಪನೋ ಚಿಕ್ಕಪ್ಪನೋ ಜೊತೆಗೆ ನಿಂತು ವಿಚಾರಣೆ ಮಾಡೋದು ಬೇಡ.

"ಮಗ, ನಿನ್ನೆ ನಿನ್ನ ಫೋನಲ್ಲಿ ಒಂದು ವಿಡಿಯೋ ಕಾಣ್ತು. ಬೈಯಲ್ಲ ಕಣೋ. ಈ ವಯಸ್ಸಲ್ಲಿ ಕುತೂಹಲ ಇರುತ್ತೆ. ಆದ್ರೆ ಅದು ಶೂಟಿಂಗ್. ಅದಕ್ಕೆ ಅಂತಾನೇ ಆರಿಸಿದ ನಟರು, ದುಡ್ಡು ತಗೊಂಡು ಮಾಡೋದು. ನಡುವೆ ನಿಲ್ಲಿಸಿ ನಿಲ್ಲಿಸಿ ತೆಗೆದಿದ್ದನ್ನ ಕತ್ತರಿಸಿ ಅಂಟಿಸಿರ್ತಾರೆ."

ಇಷ್ಟು ಹೇಳಿ ನಿಲ್ಲಿಸಲಿ. ಅವನು ತಲೆ ಬಗ್ಗಿಸಿ ಕಾಫಿ ಎಳೀತಾ ಇರ್ತಾನೆ, ಇರಲಿ. ಎಷ್ಟೋ ಹೊತ್ತಾದ ಮೇಲೆ ಒಂದು ಪ್ರಶ್ನೆ ಬರಬಹುದು: "ಹುಡುಗೀರಿಗೆ ಹಂಗೇ ಇಷ್ಟ ಅಂತಾರಲ್ಲಮ್ಮ?"

"ಯಾರು, ಆ ಹುಡುಗೀನೇ ಹೇಳಿದ್ಲಾ? ಅದರಲ್ಲಿ ಒಬ್ಬರನ್ನೊಬ್ಬರು ಕೇಳೋದು, 'ಬೇಡ' ಅಂದ್ರೆ ನಿಲ್ಲಿಸೋದು, ಕಾಂಡೋಮ್ ಬಳಸೋದು ಸಾಮಾನ್ಯವಾಗಿ ತೋರಿಸಲ್ಲ. ನಿಜವಾದ ಸಂಬಂಧದಲ್ಲಿ ಅವೇ ಮೊದಲು ಬೇಕಾಗೋದು."

ನಿಮಗೆ ಉತ್ತರ ಗೊತ್ತಿಲ್ದಿದ್ರೆ "ಕೇಳ್ಕೊಂಡು ಬಂದು ಹೇಳ್ತೀನಿ" ಅನ್ನಿ, ಆಮೇಲೆ ನಿಜವಾಗ್ಲೂ ಹೇಳಿ. ಸರ್ಕಾರಿ ಆಸ್ಪತ್ರೆಯ ಸ್ನೇಹ ಕ್ಲಿನಿಕ್ ಹದಿಹರೆಯದವರಿಗೇ ಇರೋದು. ನೋಡಿ ನೋಡಿ ನಿದ್ದೆ, ಓದು ಕೆಟ್ಟಿದೆ, ಬಿಡೋಕೆ ಆಗ್ತಿಲ್ಲ ಅಂತ ಅವನೇ ಅಂದ್ರೆ 14416ಕ್ಕೆ ಫೋನ್ ಮಾಡಿ, ಅದು ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್.

ಆದ್ರೆ ಯಾರೋ ಅವನ ಬೆತ್ತಲೆ ಫೋಟೋ ಕೇಳ್ತಿದ್ದಾರೆ, ಹೆದರಿಸ್ತಿದ್ದಾರೆ ಅಂತ ಗೊತ್ತಾದ್ರೆ ಅದು ಬೇರೆ ವಿಷಯ. 18 ತುಂಬದವರ ಮೇಲೆ ನಡೆಯೋ ಆ ಅಪರಾಧಕ್ಕೆ 2012ರ ಪೋಕ್ಸೊ ಕಾಯ್ದೆ ಇದೆ. ಮೆಸೇಜ್ ಅಳಿಸಬೇಡಿ, ಮಕ್ಕಳ ಸಹಾಯವಾಣಿ 1098ಕ್ಕೆ ಕರೆ ಮಾಡಿ. ಅದಕ್ಕೂ ಮೊದಲು ಮಗನಿಗೆ ಹೇಳಿ: "ನಿಂದೇನೂ ತಪ್ಪಿಲ್ಲ, ನಾನಿದ್ದೀನಿ."