ಶೀಟಿನಲ್ಲಿ ‘ಹೌದು’ ಎಂದು ಬರೆಯಬೇಡಿ

ನಮಸ್ಕಾರ. ಉಪ್ಪಿನಕಾಯಿ, ಮಸಾಲೆ ಪುಡಿ, ಅಗರಬತ್ತಿ ತಯಾರಿಸಿ ಡಿಸ್ಟ್ರಿಬ್ಯೂಟರ್‌ಗಳ ಮೂಲಕ ಮಾರುವವರು ಕೇಳುತ್ತಿದ್ದೀರಿ ಎಂದುಕೊಂಡು ಮಾತಾಡುತ್ತೇನೆ. ನಿಮ್ಮ ಬೀರುವಿನಲ್ಲಿ ಹತ್ತೋ ಹದಿನೈದೋ ಅಗ್ರಿಮೆಂಟ್ ಇರುತ್ತವೆ. ಅವುಗಳಿಂದ ನಾಲ್ಕು ವಿಷಯವನ್ನು ಒಂದೇ ಶೀಟಿಗೆ ಇಳಿಸಿ: ಏರಿಯಾ, ಟಾರ್ಗೆಟ್, ಅಲ್ಲಿ ಅವರೊಬ್ಬರೇ ಮಾರಬೇಕೋ ಬೇರೆಯವರೂ ಮಾರಬಹುದೋ ಎಂಬುದು, ಕೊನೆಗೆ ಅಗ್ರಿಮೆಂಟ್ ಮುಗಿಸುವುದು ಹೇಗೆ ಎಂಬುದು. ಒಬ್ಬರಿಗೆ ಒಂದು ಸಾಲು.

ನನ್ನದು ಒಂದೇ ಮಾತು. ಅಗ್ರಿಮೆಂಟಿನಲ್ಲಿ ಇರುವ ವಾಕ್ಯವನ್ನೇ ಬರೆಯಿರಿ, ಪಕ್ಕದಲ್ಲಿ ಪುಟದ ನಂಬರ್ ಹಾಕಿ. ಸುಮ್ನೆ ‘ಹೌದು’ ಎಂದು ಬರೆಯಬೇಡಿ.

ಯಾಕೆ ಅಂತ ಹೇಳ್ತೀನಿ. ನನಗೆ ಪರಿಚಯದ ಒಬ್ಬ ಮಸಾಲೆ ವ್ಯಾಪಾರಿ 2018ರಲ್ಲಿ ಒಬ್ಬರಿಗೆ ‘ಬಳ್ಳಾರಿ ಜಿಲ್ಲೆ’ ಕೊಟ್ಟರು. 2022ರಲ್ಲಿ ಇನ್ನೊಬ್ಬರಿಗೆ ‘ವಿಜಯನಗರ ಜಿಲ್ಲೆ’ ಕೊಟ್ಟರು. ಶೀಟಿನಲ್ಲಿ ಎರಡು ಬೇರೆ ಬೇರೆ ಜಿಲ್ಲೆ, ಎರಡಕ್ಕೂ ‘ಅವರೊಬ್ಬರೇ: ಹೌದು’. ನೋಡಲು ಎಷ್ಟು ಚೆನ್ನ! ಆದರೆ ವಿಜಯನಗರ ಜಿಲ್ಲೆ ಹುಟ್ಟಿದ್ದೇ 2021ರಲ್ಲಿ, ಬಳ್ಳಾರಿಯಿಂದ ಒಡೆದು. ಹಳಬರು ಸಹಿ ಹಾಕಿದಾಗ ಹೊಸಪೇಟೆ, ಕೂಡ್ಲಿಗಿ, ಹಡಗಲಿ ಎಲ್ಲ ಬಳ್ಳಾರಿಯೊಳಗೇ ಇದ್ದವು. ಹೊಸಪೇಟೆಯ ಅಂಗಡಿಗಳಿಗೆ ಇಬ್ಬರೂ ಮಾಲು ಇಳಿಸಿದರು, ಪೈಪೋಟಿಯಲ್ಲಿ ರೇಟು ಮುರಿದರು. ಕೊನೆಗೆ ಹಳಬರಿಂದ ವಕೀಲರ ನೋಟಿಸ್ ಬಂತು. ಏರಿಯಾ ಕಾಲಂ ಪಕ್ಕ ಸಹಿಯ ತಾರೀಖು, ತಾಲ್ಲೂಕುಗಳ ಹೆಸರು ಬರೆದಿದ್ದರೆ ಇದು ಎರಡು ನಿಮಿಷದಲ್ಲಿ ಕಣ್ಣಿಗೆ ಬೀಳುತ್ತಿತ್ತು.

ಕಥೆ ಇನ್ನೂ ಮುಗಿದಿಲ್ಲ. ಹಳಬರ ಅಗ್ರಿಮೆಂಟಿನ ಹನ್ನೊಂದನೇ ಪುಟದಲ್ಲಿ, ಅನುಬಂಧದಲ್ಲಿ, ಒಂದು ಸಾಲಿತ್ತು: ಸತತ ಎರಡು ತ್ರೈಮಾಸಿಕ ಟಾರ್ಗೆಟ್‌ನ ಶೇ. 80 ಮುಟ್ಟದಿದ್ದರೆ ‘ಒಬ್ಬರೇ’ ಎಂಬ ಹಕ್ಕು ಹೋಗುತ್ತದೆ. ಟಾರ್ಗೆಟ್ ತ್ರೈಮಾಸಿಕಕ್ಕೆ 2,400 ಬಾಕ್ಸ್, ಅಂದರೆ 1,920ಕ್ಕಿಂತ ಕೆಳಗೆ ಬರಬಾರದು. ಅವರು ಮಾರುತ್ತಿದ್ದದ್ದು 1,750. ಹಕ್ಕು ಯಾವತ್ತೋ ಹೋಗಿತ್ತು! ಯಾರಿಗೂ ಗೊತ್ತಾಗಲಿಲ್ಲ. ಶೀಟು ಬರೆದ ಹುಡುಗ ಬಾಕ್ಸನ್ನು ಅಂದಿನ 500 ರೂಪಾಯಿ ರೇಟಿನಲ್ಲಿ 12 ಲಕ್ಷ ಮಾಡಿದ್ದ. ಆಮೇಲೆ ರೇಟು 700 ಆಯಿತು. 1,750 ಬಾಕ್ಸಿಗೇ 12 ಲಕ್ಷ 25 ಸಾವಿರ, ಟಾರ್ಗೆಟ್ ಮುಟ್ಟಿದ ಹಾಗೆ ಕಂಡಿತು. ಅಗ್ರಿಮೆಂಟಿನಲ್ಲಿ ಬಾಕ್ಸ್ ಇದ್ದರೆ ಬಾಕ್ಸ್ ಅಂತಲೇ ಬರೆಯಿರಿ. ಅದನ್ನು ರೂಪಾಯಿ ಮಾಡಿ ಅಂತ ನಿಮಗೆ ಯಾರು ಹೇಳಿದ್ದು? ಟಾರ್ಗೆಟ್‌ಗೆ ಲೆಕ್ಕ ಹಿಡಿಯುವುದು ಯಾವುದನ್ನು, ಕಂಪನಿ ಡಿಸ್ಟ್ರಿಬ್ಯೂಟರ್‌ಗೆ ಮಾರಿದ್ದಾ, ಡಿಸ್ಟ್ರಿಬ್ಯೂಟರ್ ಅಂಗಡಿಗೆ ಮಾರಿದ್ದಾ, ಅದನ್ನೂ ಬರೆಯಿರಿ.

ಸಮಯ ಆಗುತ್ತಿದೆ, ಕೈ ತೋರಿಸುತ್ತಿದ್ದಾರೆ. ಮುಗಿಸುವ ಷರತ್ತಿಗೆ ‘60 ದಿನ’ ಎಂದಷ್ಟೇ ಬರೆದರೆ ಸಾಲದು. ನೋಟಿಸ್ ಕಳಿಸಿದ ದಿನದಿಂದಲೋ, ತಲುಪಿದ ದಿನದಿಂದಲೋ? ಗೋಡೌನಿನಲ್ಲಿ ಉಳಿದ ಮಾಲು ಯಾರು ತೆಗೆದುಕೊಳ್ಳಬೇಕು, ಯಾವ ರೇಟಿಗೆ? ಡೆಪಾಸಿಟ್ ಯಾವಾಗ ವಾಪಸ್? ಮೂರಕ್ಕೂ ಪುಟದ ನಂಬರ್ ಹಾಕಿ. ಅಗ್ರಿಮೆಂಟಿನ ಹಿಂದೆ ಪಿನ್ ಹೊಡೆದ ತಿದ್ದುಪಡಿ ಪತ್ರವಿದ್ದರೆ ಮೊದಲು ಅದನ್ನೇ ಓದಿ, ಎಷ್ಟೋ ಸಲ ಒಳಗಿನ ಷರತ್ತು ಅಲ್ಲಿ ಬದಲಾಗಿರುತ್ತದೆ. ನಮಸ್ಕಾರ.