ಮದುವೆ ಗ್ರೂಪಿನಲ್ಲಿ ಬಸ್ಸಿನ ಸಮಯ ಕಳೆದುಹೋಗದಂತೆ

ನಮಸ್ಕಾರ ಕೇಳುಗರೇ.

ಕಾಫಿ ಕೊಯ್ಲು ಮುಗಿದು ಏಪ್ರಿಲ್ ಬಂತು ಅಂದರೆ ನಮ್ಮ ಕೊಡಗಿನಲ್ಲಿ ಮದುವೆಗಳ ಸಾಲು. ಈಗ ಮದುವೆ ಅಂದರೆ ಒಂದು ವಾಟ್ಸಾಪ್ ಗ್ರೂಪ್ ಕೂಡ ಇದ್ದೇ ಇರುತ್ತದೆ. ಇವತ್ತು ಆ ಗ್ರೂಪಿನ ವಿಷಯ ಮಾತಾಡುತ್ತೇನೆ. ನಮ್ಮ ಮನೆಯಲ್ಲೇ ಒಂದು ಸಲ ಅದು ಕೆಟ್ಟಿತು, ಇನ್ನೊಂದು ಸಲ ಸರಿಹೋಯಿತು. ಎರಡನ್ನೂ ಹೇಳುತ್ತೇನೆ.

ಅಕ್ಕನ ದೊಡ್ಡ ಮಗಳ ಮದುವೆ ವಿರಾಜಪೇಟೆಯಲ್ಲಿ. ಭಾವನ ಕಡೆಯವರು ಜಾಸ್ತಿ ಜನ ಸೋಮವಾರಪೇಟೆಯವರು, ಅವರಿಗೆ ಬಸ್ ಮಾಡಿದ್ದೆವು. ಬೆಳಿಗ್ಗೆ 6.30ಕ್ಕೆ ಹೊರಡಬೇಕಿತ್ತು. ಹಿಂದಿನ ರಾತ್ರಿ ಡ್ರೈವರ್ ಫೋನ್ ಮಾಡಿ, ದಾರಿಯಲ್ಲಿ ರಸ್ತೆ ಕೆಲಸ ನಡೀತಿದೆ, 5.45ಕ್ಕೇ ಹೊರಡೋಣ ಅಂದರು. ನಾನು 8.40ಕ್ಕೆ ಗ್ರೂಪಿಗೆ ಹಾಕಿದೆ: "ನಾಳೆ ಬಸ್ 5.45ಕ್ಕೆ." ಅಷ್ಟೇ. ಗ್ರೂಪಿನಲ್ಲಿ 180 ಜನ. ಅದೇ ಹೊತ್ತಿಗೆ ಯಾರೋ ಮೆಹಂದಿಯ ಫೋಟೋ ಹಾಕಿದರು, ಅದಕ್ಕೆ ಹೂವು, ಕೈಮುಗಿದ ಚಿತ್ರ, "ಸೂಪರ್", "ದೇವರು ಒಳ್ಳೇದು ಮಾಡಲಿ", ಹೀಗೆ ನೂರಕ್ಕೂ ಹೆಚ್ಚು ಮೆಸೇಜು. ನನ್ನ ಒಂದು ಸಾಲು ಅದರ ಕೆಳಗೆ ಹೂತುಹೋಯಿತು. ಬೆಳಿಗ್ಗೆ ಒಂಬತ್ತು ಜನ ಬಸ್ ಸ್ಟ್ಯಾಂಡಿನಲ್ಲೇ ಉಳಿದರು. ಅವರಲ್ಲಿ ಭಾವನ ದೊಡ್ಡಮ್ಮನೂ ಇದ್ದರು. ಜೀಪ್ ಮಾಡಿಸಿಕೊಂಡು ಅವರು ಬಂದು ಮುಟ್ಟುವಾಗ ಮುಹೂರ್ತ ಮುಗಿದಿತ್ತು.

ಆಶೀರ್ವಾದ ಹಾಕಿದವರದ್ದು ತಪ್ಪಲ್ಲ. ಮದುವೆ ಮನೆ ಅಂದಮೇಲೆ ಜನ ಮಾತಾಡಬೇಕು. ತಪ್ಪಾಗಿದ್ದು ಹರಟೆಯನ್ನೂ ಬಸ್ಸಿನ ಸಮಯವನ್ನೂ ನಾವು ಒಂದೇ ಕಡೆ ಇಟ್ಟಿದ್ದರಲ್ಲಿ. ಮೆಸೇಜು ಜಾಸ್ತಿ ಆದ ಕೂಡಲೇ ಜನ ಏನು ಮಾಡುತ್ತಾರೆ? ಗ್ರೂಪನ್ನು ಮ್ಯೂಟ್ ಮಾಡುತ್ತಾರೆ. ಎಂಟು ಗಂಟೆಗೆ, ಒಂದು ವಾರಕ್ಕೆ, ಇಲ್ಲಾಂದರೆ ಪೂರ್ತಿಯಾಗಿ. ಮ್ಯೂಟ್ ಮಾಡಿದವರು ಯಾರು ಅಂತ ನಮಗೆ ಗೊತ್ತೇ ಆಗುವುದಿಲ್ಲ. ಆಮೇಲೆ ನೀವು ಎಷ್ಟೇ ಮುಖ್ಯವಾದ್ದು ಹಾಕಿದರೂ ಅವರ ಫೋನು ಸದ್ದು ಮಾಡುವುದಿಲ್ಲ.

ಮುಂದಿನ ವರ್ಷ ಎರಡನೇ ಮಗಳ ಮದುವೆ. ಈ ಸಲ ಅಕ್ಕ ಹೇಳಿದ್ದು ಒಂದೇ ಮಾತು: "ದೊಡ್ಡಮ್ಮ ಈ ಸಲ ತಪ್ಪಬಾರದು ಕಣೋ."

ಎರಡು ಗ್ರೂಪ್ ಮಾಡಿದೆವು. ಮೊದಲನೆಯದು ಸುದ್ದಿ ಹೇಳುವುದಕ್ಕೆ ಮಾತ್ರ. ಗ್ರೂಪಿನ ಸೆಟ್ಟಿಂಗ್‌ನಲ್ಲಿ, ಪರ್ಮಿಶನ್ಸ್ ಅನ್ನೋ ಕಡೆ, ಮೆಸೇಜು ಕಳಿಸುವ ಅಧಿಕಾರವನ್ನು ಅಡ್ಮಿನ್‌ಗಳಿಗೆ ಮಾತ್ರ ಕೊಡಬಹುದು. ಅದನ್ನು ಜನರನ್ನು ಸೇರಿಸುವ ಮೊದಲೇ ಮಾಡಿ. ಎಲ್ಲರೂ ಸೇರಿ ಮಾತು ಶುರುವಾದ ಮೇಲೆ ಬಾಯಿ ಮುಚ್ಚಿಸಿದರೆ ಹಿರಿಯರಿಗೆ ಬೇಜಾರಾಗುತ್ತದೆ, ಅಲ್ವಾ? ಮೊದಲ ಮೆಸೇಜಿನಲ್ಲೇ ಬರೆದೆವು: "ಇಲ್ಲಿ ಮದುವೆಯ ಸಮಯ, ಬಸ್, ಉಳಿಯುವ ಜಾಗ ಇಷ್ಟೇ ಬರುತ್ತದೆ. ಒಟ್ಟು ಆರು ಮೆಸೇಜಿಗಿಂತ ಜಾಸ್ತಿ ಆಗದ ಹಾಗೆ ನೋಡಿಕೊಳ್ಳುತ್ತೇವೆ. ದಯವಿಟ್ಟು ಮ್ಯೂಟ್ ಮಾಡಬೇಡಿ." ಎರಡನೆಯ ಗ್ರೂಪ್ ಫೋಟೋಗೆ, ಹಾಡಿಗೆ, ಹರಟೆಗೆ. ಅದಕ್ಕೆ ಯಾರನ್ನೂ ನಾವಾಗಿ ಸೇರಿಸಲಿಲ್ಲ. ಲಿಂಕ್ ಕೊಟ್ಟೆವು, ಬೇಕಾದವರು ಬಂದರು. ಎಪ್ಪತ್ತು ಜನ ಬಂದಿದ್ದರು. ಉಳಿದ ನೂರಕ್ಕೂ ಹೆಚ್ಚು ಜನರಿಗೆ ಆ ಫೋಟೋಗಳ ಸುರಿಮಳೆ ಬೇಕಿರಲಿಲ್ಲ ಅಂತ ಆಗ ನಮಗೆ ಅರ್ಥವಾಯಿತು.

ಅಡ್ಮಿನ್ ಯಾರಾಗಬೇಕು ಅನ್ನೋದೂ ಮುಖ್ಯ. ಹುಡುಗಿಯ ಅಪ್ಪ ಅಮ್ಮ ಬೇಡ. ಮದುವೆ ದಿನ ಅವರಿಗೆ ಫೋನ್ ಹಿಡಿಯೋಕೆ ಕೈ ಬಿಡುವಿರುವುದಿಲ್ಲ. ನಾನು, ನನ್ನ ಚಿಕ್ಕಪ್ಪನ ಮಗಳು, ಹುಡುಗನ ಕಡೆಯ ಒಬ್ಬರು, ಹೀಗೆ ಮೂರು ಜನ ಇದ್ದೆವು. ಗ್ರೂಪಿಗೆ ಹಾಕುವುದು ನಾನೊಬ್ಬನೇ. ಮಿಕ್ಕಿಬ್ಬರು ಅತಿಥಿಗಳು ನೇರವಾಗಿ ಕೇಳಿದ್ದಕ್ಕೆ ಉತ್ತರ ಕೊಡುವುದು. ನನ್ನ ಫೋನ್ ಸತ್ತರೆ ಮಾತ್ರ ಅವರು ಹಾಕಬೇಕು. ಒಂದೇ ಪ್ರಶ್ನೆ ನಾಲ್ಕೈದು ಜನರಿಂದ ಬಂದರೆ, ನಮ್ಮ ಮೆಸೇಜಿನಲ್ಲಿ ಅದು ಬಿಟ್ಟುಹೋಗಿದೆ ಅಂತಲೇ ಲೆಕ್ಕ. "ಕಾರು ಎಲ್ಲಿ ನಿಲ್ಲಿಸಬೇಕು" ಅಂತ ಹೀಗೇ ಕೇಳಿದರು. ತಕ್ಷಣ ಇನ್ನೊಂದು ಮೆಸೇಜು ಹಾಕಲಿಲ್ಲ, ಮಾರನೇ ದಿನ ಹೇಗೂ ಹೋಗಬೇಕಿದ್ದ ಮೆಸೇಜಿಗೆ ಸೇರಿಸಿದೆವು.

ಈಗ ಮೆಸೇಜು ಬರೆಯುವ ರೀತಿ. ನನಗೆ ತುಂಬ ಪಾಠ ಆಗಿದ್ದು ಇಲ್ಲೇ. "ನಾಳೆ" ಅಂತ ಬರೆಯಲೇಬೇಡಿ. ನಮ್ಮ ಊರಿನ ಸ್ಥಿತಿ ನಿಮಗೇ ಗೊತ್ತು. ತುಂಬ ತೋಟದ ಮನೆಗಳಲ್ಲಿ ಮೊಬೈಲ್ ಸಿಗ್ನಲ್ ಇಲ್ಲ, ವೈಫೈ ಇದ್ದರೆ ಮಾತ್ರ ವಾಟ್ಸಾಪ್. ಬೇಸಿಗೆಯ ಗುಡುಗು ಮಳೆಗೆ ಕರೆಂಟ್ ಹೋದರೆ ವೈಫೈಯೂ ಹೋಯಿತು. ಶನಿವಾರ ರಾತ್ರಿ ನೀವು ಹಾಕಿದ "ನಾಳೆ" ಅವರ ಫೋನಿಗೆ ಭಾನುವಾರ ಬೆಳಿಗ್ಗೆ ಬಂದು ಬೀಳುತ್ತದೆ, ಓದಿದವರು ನಾಳೆ ಅಂದರೆ ಸೋಮವಾರ ಅಂದುಕೊಳ್ಳುತ್ತಾರೆ. ವಾರ, ತಾರೀಖು, ಬೆಳಿಗ್ಗೆಯೋ ಸಂಜೆಯೋ, ಮೂರನ್ನೂ ಬರೆಯಿರಿ.

ಇನ್ನೊಂದು, ಫೋನ್ ಲಾಕ್ ಆಗಿರುವಾಗ ಪರದೆ ಮೇಲೆ ಕಾಣುವುದು ಮೊದಲ ಒಂದೆರಡು ಸಾಲು ಮಾತ್ರ. ಆ ಜಾಗವನ್ನು "ಆತ್ಮೀಯ ಬಂಧು ಮಿತ್ರರೇ, ತಮ್ಮೆಲ್ಲರಲ್ಲಿ ವಿನಂತಿ" ತಿಂದುಬಿಟ್ಟರೆ ಬಸ್ಸಿನ ಸಮಯ ಒಳಗೇ ಉಳಿಯುತ್ತದೆ. ಮರ್ಯಾದೆಯ ಮಾತು ಕೊನೆಯಲ್ಲಿ ಇರಲಿ. ಯಾರಿಗೆ, ಏನು, ಯಾವಾಗ, ಇದು ಮೊದಲು. ಎರಡನೇ ಮದುವೆಯಲ್ಲೂ ಬಸ್ಸಿನ ಸಮಯ ಬದಲಾಯಿತು ನೋಡಿ. ಆಗ ಹಾಕಿದ್ದನ್ನು, ತಾರೀಖೊಂದು ಬಿಟ್ಟು, ಹಾಗೇ ಓದುತ್ತೇನೆ:

"ಬದಲಾವಣೆ. ಸೋಮವಾರಪೇಟೆ ಬಸ್ಸಿಗೆ ಬರುವವರಿಗೆ ಮಾತ್ರ. ಭಾನುವಾರ ಬೆಳಿಗ್ಗೆ 6 ಗಂಟೆಗೆ ಹೊರಡುತ್ತದೆ. ಮೊದಲು ಹೇಳಿದ್ದ 6.30 ಈಗ ಇಲ್ಲ. ಹತ್ತುವ ಜಾಗ ಬದಲಾಗಿಲ್ಲ, ಬಸ್ ಸ್ಟ್ಯಾಂಡ್ ಎದುರು. ಮಡಿಕೇರಿಯಲ್ಲಿ ಹತ್ತುವವರು 7.15ಕ್ಕೆ ಸಿದ್ಧರಿರಿ. ಬೇರೆ ಕಡೆಯಿಂದ ಬರುವವರಿಗೆ ಏನೂ ಬದಲಾವಣೆ ಇಲ್ಲ."

ಕೊನೆಯ ಸಾಲು ಸುಮ್ನೆ ಹಾಕಿದ್ದಲ್ಲ. ಅದಿಲ್ಲದಿದ್ದರೆ ಮೈಸೂರಿನಿಂದ ಕಾರಿನಲ್ಲಿ ಬರುವವರೆಲ್ಲ "ಮುಹೂರ್ತವೂ ಮುಂಚೆ ಆಯಿತಾ" ಅಂತ ಫೋನ್ ಮಾಡುತ್ತಾರೆ.

ಇಲ್ಲಿ ಒಂದು ಎಚ್ಚರಿಕೆ. ವಾಟ್ಸಾಪಿನಲ್ಲಿ ಹಾಕಿದ ಮೆಸೇಜನ್ನು 15 ನಿಮಿಷದ ಒಳಗೆ ತಿದ್ದಬಹುದು. ಕಾಗುಣಿತಕ್ಕೆ ಅದು ಸರಿ. ಸಮಯ ಬದಲಿಸುವುದಕ್ಕೆ ಖಂಡಿತ ಬೇಡ. ತಿದ್ದಿದಾಗ ಫೋನ್ ಮತ್ತೆ ಸದ್ದು ಮಾಡುವುದಿಲ್ಲ. ಮೊದಲೇ ಓದಿ ಮುಗಿಸಿದವರ ತಲೆಯಲ್ಲಿ ಹಳೇ ಸಮಯವೇ ಇರುತ್ತದೆ. ಹೊಸ ಮೆಸೇಜನ್ನೇ ಹಾಕಿ. ಹಳೆಯದನ್ನು ಎಲ್ಲರಿಗೂ ಕಾಣದಂತೆ ಅಳಿಸಿ, ಯಾಕೆಂದರೆ ಯಾರಾದರೂ ಅದನ್ನೇ ಗ್ರೂಪಿನಲ್ಲಿಲ್ಲದ ನೆಂಟರಿಗೆ ಫಾರ್ವರ್ಡ್ ಮಾಡಿಬಿಡುತ್ತಾರೆ. ಹಾಗೆ ಅಳಿಸೋಕೆ ಸುಮಾರು ಎರಡು ದಿನದ ಅವಕಾಶ ಮಾತ್ರ ಇದೆ. ಅದು ದಾಟಿದ್ದರೆ ಹೊಸ ಮೆಸೇಜನ್ನು ಮೇಲೆ ಪಿನ್ ಮಾಡಿ. ಪಿನ್ ಒಂದು ದಿನ, ಏಳು ದಿನ ಅಥವಾ ಮೂವತ್ತು ದಿನ ನಿಲ್ಲುತ್ತದೆ. ಗ್ರೂಪ್ ತೆರೆದವರಿಗೆ ಮೊದಲು ಕಾಣುವುದು ಅದೇ.

ಯಾವ ಹೊತ್ತಿಗೆ ಹಾಕಬೇಕು? ಹಿಂದಿನ ದಿನದ ಮೆಸೇಜು ನಾವು ಸಂಜೆ 5ಕ್ಕೆ ಹಾಕಿದೆವು. ತೋಟದ ಕೆಲಸ ಮುಗಿಸಿ ಜನ ಮನೆಗೆ ಬರುವ ಹೊತ್ತು, ಮತ್ತು ತಲುಪದವರನ್ನು ಹುಡುಕೋಕೆ ನಮಗೆ ಎರಡು ಗಂಟೆ ಸಿಗುತ್ತದೆ. ಅದನ್ನು ಹೇಗೆ ಹುಡುಕುವುದು ಅಂತ ತುಂಬ ಜನಕ್ಕೆ ಗೊತ್ತಿಲ್ಲ. ನೀವು ಹಾಕಿದ ಮೆಸೇಜನ್ನು ಒತ್ತಿ ಹಿಡಿದು ಇನ್ಫೋ ನೋಡಿ. ಓದಿದವರ ಹೆಸರು ಒಂದು ಪಟ್ಟಿ, ಫೋನಿಗೆ ತಲುಪಿದೆ ಆದರೆ ಓದಿಲ್ಲ ಅನ್ನೋರದ್ದು ಇನ್ನೊಂದು ಪಟ್ಟಿ. ನೀಲಿ ಗೆರೆ ಕಾಣದ ಹಾಗೆ ಮಾಡಿಕೊಂಡವರು ಕೂಡ ಗ್ರೂಪಿನಲ್ಲಿ ಓದಿದರೆ ಇಲ್ಲಿ ಗೊತ್ತಾಗುತ್ತದೆ. ಎರಡೂ ಪಟ್ಟಿಯಲ್ಲಿ ಇಲ್ಲದವರ ಫೋನ್ ಆಫ್ ಆಗಿದೆ ಅಥವಾ ನೆಟ್ ಇಲ್ಲ.

ನಮ್ಮಲ್ಲಿ ಬಸ್ಸಿಗೆ ಹೆಸರು ಕೊಟ್ಟವರು 42 ಜನ. ಸಂಜೆ 7ಕ್ಕೆ ಚಿಕ್ಕಪ್ಪನ ಮಗಳು ಕಾಗದದಲ್ಲಿ ಬರೆದಿಟ್ಟ ಪಟ್ಟಿ ಹಿಡಿದು ಒಂದೊಂದೇ ಹೆಸರು ನೋಡಿದಳು. ಓದಿದವರು 31. ತಲುಪಿದೆ ಓದಿಲ್ಲ, ಆರು. ತಲುಪಲೇ ಇಲ್ಲ, ಐದು. ಆ ಹನ್ನೊಂದು ಜನರಿಗೆ ಮಾತ್ರ ಫೋನ್ ಮಾಡಿದಳು. ಹತ್ತು ಜನ ಸಿಕ್ಕರು, ಒಬ್ಬರಿಗೆ ಪಕ್ಕದ ಮನೆಯ ಲ್ಯಾಂಡ್‌ಲೈನಿಗೆ ಮಾಡಬೇಕಾಯಿತು. 180 ಜನರಿಗೂ "ದಯವಿಟ್ಟು ಗಮನಿಸಿ" ಅಂತ ಮತ್ತೆ ಮತ್ತೆ ಹಾಕುವುದಕ್ಕಿಂತ ಇದು ಎಷ್ಟೋ ಮೇಲು. ಓದಿದ ಪಟ್ಟಿಯನ್ನೂ ಪೂರ್ತಿ ನಂಬಬೇಡಿ. ದೊಡ್ಡಮ್ಮನ ಹೆಸರು ಓದಿದವರಲ್ಲಿ ಇತ್ತು, ಆದರೆ ಆ ಫೋನ್ ಮೊಮ್ಮಗನ ಕೈಯಲ್ಲಿತ್ತು. ಅಕ್ಕ ಖುದ್ದಾಗಿ ಫೋನ್ ಮಾಡಿ ಹೇಳಿದಳು.

ಆಮಂತ್ರಣದ ಚಿತ್ರವೊಂದನ್ನೇ ಹಾಕಿ ಸುಮ್ಮನಾಗಬೇಡಿ. ಚಿತ್ರದೊಳಗಿನ ಸಮಯವನ್ನು ಮೆಸೇಜಿನ ಹಾಗೆ ಹುಡುಕಿ ತೆಗೆಯಲು ಆಗುವುದಿಲ್ಲ. ವಾಯ್ಸ್ ಮೆಸೇಜೂ ಹಾಗೇ, ಕಣ್ಣು ಮಂಜಾದವರಿಗೆ ಒಳ್ಳೆಯದು, ಆದರೆ ಅಕ್ಷರದ ಜೊತೆಗೆ ಇರಲಿ. ಮ್ಯಾಪಿನ ಲಿಂಕ್ ಬಗ್ಗೆ ಇನ್ನೂ ಹುಷಾರು. ಲಿಂಕ್ ತೆರೆಯೋಕೆ ನೆಟ್ ಬೇಕು, ತೋಟಗಳ ನಡುವೆ ಅದೇ ಇರುವುದಿಲ್ಲ. ಬಂದು ಬಿದ್ದ ಅಕ್ಷರ ಮಾತ್ರ ನೆಟ್ ಇಲ್ಲದಿದ್ದರೂ ಫೋನಿನಲ್ಲಿ ಓದಲು ಸಿಗುತ್ತದೆ. ಅದಕ್ಕೇ ಬೆಂಗಳೂರಿನವರಿಗೆ ನಾವು ಹುಣಸೂರು, ಗೋಣಿಕೊಪ್ಪ, ವಿರಾಜಪೇಟೆ ಅಂತ ದಾರಿಯನ್ನು ಊರಿನ ಹೆಸರುಗಳಲ್ಲೇ ಬರೆದೆವು, ಕೊನೆಯ ತಿರುವಿನಲ್ಲಿ ಎಡಗಡೆ ಏನು ಕಾಣುತ್ತದೆ ಅಂತಲೂ ಬರೆದೆವು.

ಒಂದು ವಿಷಯ ನಾವು ತಡವಾಗಿ ಯೋಚಿಸಿದೆವು. ಸಾಮಾನ್ಯ ಗ್ರೂಪಿನಲ್ಲಿ ಎಲ್ಲರ ನಂಬರ್ ಎಲ್ಲರಿಗೂ ಕಾಣುತ್ತದೆ. ನಮ್ಮ ಹುಡುಗಿಯ ಗೆಳತಿಯರ ನಂಬರ್ ಗುರುತಿಲ್ಲದ ನೂರಾರು ಜನರಿಗೆ ಸಿಕ್ಕ ಹಾಗಾಯಿತು. ವಾಟ್ಸಾಪಿನಲ್ಲೇ ಕಮ್ಯುನಿಟಿ ಅಂತ ಇದೆ, ಅದರ ಅನೌನ್ಸ್‌ಮೆಂಟ್ ಗ್ರೂಪಿನಲ್ಲಿ ಅತಿಥಿಗಳ ನಂಬರ್ ಒಬ್ಬರಿಂದ ಒಬ್ಬರಿಗೆ ಮರೆಯಾಗಿರುತ್ತದೆ. ಇನ್ನೊಂದು ಮದುವೆ ಬಂದರೆ ನಾನು ಅದನ್ನೇ ಮಾಡುತ್ತೇನೆ.

ಮದುವೆ ದಿನ ಗ್ರೂಪಿಗೆ ಒಂದೇ ಒಂದು ಮೆಸೇಜು ಹೋಯಿತು, ಬಸ್ ವಾಪಸ್ ಹೊರಡುವ ಸಮಯ. ಎರಡು ದಿನ ಬಿಟ್ಟು ಕೊನೆಯದು ಹಾಕಿದೆವು. ಆರನೆಯದು ಅದು. ಫೋಟೋ ಆಲ್ಬಮ್ಮಿನ ಲಿಂಕ್, ಜೊತೆಗೆ "ಊಟದ ಹಾಲಿನಲ್ಲಿ ಮೂರು ಕೊಡೆ, ಒಂದು ಕನ್ನಡಕ, ಮಗುವಿನ ಒಂದು ಕಾಲಿನ ಚಪ್ಪಲಿ ಸಿಕ್ಕಿವೆ. ನಿಮ್ಮದಾಗಿದ್ದರೆ ನನಗೆ ಫೋನ್ ಮಾಡಿ. ಶನಿವಾರ ಈ ಗ್ರೂಪ್ ಮುಚ್ಚುತ್ತೇವೆ." ಅರ್ಧ ಗಂಟೆಯಲ್ಲಿ ಫೋನ್ ಬಂತು. ಕನ್ನಡಕ ದೊಡ್ಡಮ್ಮನದು.