ಜೋಕಿಗಿಂತ ಮೊದಲೇ ಬರುವ ನಗು: ಜಾಹೀರಾತಿನ ಸ್ಕ್ರಿಪ್ಟನ್ನು ಬ್ರಾಕೆಟ್ಟಿನಿಂದ ಓದಿ

[ಪರದೆ ಮೇಲೆ: ಮಲೆನಾಡಿನ ಮನೆ, ಜೋರು ಮಳೆ, ಕತ್ತಲು]

ನಮಸ್ಕಾರ. ಸಾಗರದ ವೀಕ್ಷಕರೊಬ್ಬರು ಊರಿನ ಅಂಗಡಿಗಳಿಗೆ ತಮಾಷೆಯ ಜಾಹೀರಾತು ಬರೆದುಕೊಡುತ್ತಾರೆ. ಅವರು ಕಳಿಸಿದ ಪ್ರಶ್ನೆ ಇದು: "ಜಾಹೀರಾತಿನಲ್ಲಿ ಒಂದು ಪಾತ್ರ ಉತ್ತರ ಕರ್ನಾಟಕದ ಧಾಟಿಯಲ್ಲಿ ಬಾಯಿ ಬಿಟ್ಟರೆ ಸಾಕು, ನಮ್ಮ ಕಡೆ ಜನ ನಗ್ತಾರೆ. ಜೋಕ್ ಇನ್ನೂ ಶುರುವೇ ಆಗಿರಲ್ಲ. ಹಾಗಾದ್ರೆ ಅವರು ನಗ್ತಿರೋದು ಯಾವುದಕ್ಕೆ?"

ಎಷ್ಟು ಒಳ್ಳೆ ಪ್ರಶ್ನೆ ಅಲ್ವಾ! ನೇರ ಉತ್ತರ ಇಷ್ಟೇ. ಅವರು ನಗುತ್ತಿರುವುದು ಮಾತಿಗಲ್ಲ, ಆ ಮನುಷ್ಯನಿಗೆ. "ಈ ಕಡೆಯವರು ಹೀಗೆ, ಈ ಕೆಲಸದವರು ಹಾಗೆ" ಎಂದು ತಲೆಯಲ್ಲಿ ಮೊದಲೇ ಒಂದು ಅಚ್ಚು ಇರುತ್ತದೆ. ಪಾತ್ರ ಆ ಅಚ್ಚಿಗೆ ಕೂತ ತಕ್ಷಣ ನಗು ಬರುತ್ತದೆ. ಮೂವತ್ತು ಸೆಕೆಂಡಿನ ಜಾಹೀರಾತು ಬರೆಯುವವರಿಗೆ ಇದು ದೊಡ್ಡ ಆಸೆ ಹುಟ್ಟಿಸುತ್ತದೆ. ಪಾತ್ರವನ್ನು ಪರಿಚಯ ಮಾಡುವ ಸಮಯ ಉಳಿಯುತ್ತದಲ್ಲ!

ನಿಯಮದ ವಿಷಯ ಬೇಗ ಮುಗಿಸುತ್ತೇನೆ. ನಮ್ಮಲ್ಲಿ ಜಾಹೀರಾತು ಉದ್ಯಮವೇ ಕಟ್ಟಿಕೊಂಡ ಆಸ್ಕಿ ಎಂಬ ಸಂಸ್ಥೆ ಇದೆ, 1985ರಿಂದ. ಜಾತಿ, ಬಣ್ಣ, ಲಿಂಗ ಇಂಥವನ್ನು ಹಿಡಿದು ಯಾರನ್ನೂ ಹೀಯಾಳಿಸಬಾರದು ಎಂದು ಅದರ ಸಂಹಿತೆ ಹೇಳುತ್ತದೆ. 2022ರಲ್ಲಿ ಅದು ಗಂಡು ಹೆಣ್ಣಿನ ಚಿತ್ರಣದ ಬಗ್ಗೆಯೇ ಬೇರೆ ಮಾರ್ಗಸೂಚಿ ತಂದಿತು. ತಮಾಷೆಗೆ ಮಾಡಿದ್ದು ಅಂದರೂ ಅದರಲ್ಲಿ ವಿನಾಯಿತಿ ಇಲ್ಲ.

ಈಗ ಒಂದು ಸ್ಕ್ರಿಪ್ಟ್ ನೋಡೋಣ. ಈ ವಿಡಿಯೋಗಾಗಿಯೇ ಬರೆದದ್ದು. ಶಿವಮೊಗ್ಗದ ಒಂದು ಅಂಗಡಿ, ಇನ್ವರ್ಟರ್ ಮಾರುತ್ತದೆ ಅಂದುಕೊಳ್ಳಿ.

[ಪರದೆ ಮೇಲೆ ಸ್ಕ್ರಿಪ್ಟ್]

ತೀರ್ಥಹಳ್ಳಿ ಕಡೆಯ ಮನೆ. ಆಷಾಢದ ಮಳೆ. ಕರೆಂಟ್ ಹೋಗುತ್ತದೆ.
ಹೆಂಡತಿ (ಕಿರುಚುತ್ತ): ರೀ! ನನ್ನ ಸೀರಿಯಲ್ಲು!
ಗಂಡ (ಕೈಮುಗಿದು): ಅಬ್ಬಾ, ಐದು ನಿಮಿಷ ಶಾಂತಿ.
ಆಳು ಮಲ್ಲ (ಉತ್ತರ ಕರ್ನಾಟಕದ ಧಾಟಿ. ಹೆಗಲಲ್ಲಿ ಟವೆಲ್. ಜಗಲಿಯ ಕೆಳಗೆ ಅಂಗಳದಲ್ಲಿ ನಿಂತಿದ್ದಾನೆ. ಮೇಣದಬತ್ತಿ ತಲೆಕೆಳಗೆ): ಸಾವ್ಕಾರ್ರ, ಇದು ಹತ್ತವಲ್ದು ನೋಡ್ರಿ!
ಗಂಡ: ಲೇ, ತಿರುಗಿಸಿ ಹಿಡಿಯೋ!
ಲೈನ್‌ಮನ್ (ಫೋನಿನಲ್ಲಿ, ಆಕಳಿಸುತ್ತ): ನಾಳೆ ನೋಡೋಣ ಸಾರ್.
ಹಿನ್ನೆಲೆ ಧ್ವನಿ: ಶಾಂತಿ ಬೇಡವಾ? ಇನ್ವರ್ಟರ್ ಬೇಕಾ? ಇಂದೇ ಬನ್ನಿ.

ಮಾತುಗಳನ್ನು ಮಾತ್ರ ಓದಿದರೆ ಇದರಲ್ಲಿ ಬೈಗುಳ ಇಲ್ಲ, ಜಾತಿಯ ಹೆಸರಿಲ್ಲ, ಊರಿನ ಹೆಸರು ಹಿಡಿದು ಯಾರನ್ನೂ ಅಂದಿಲ್ಲ. ಹೆಚ್ಚಿನವರು ಇಲ್ಲೇ "ಸರಿ ಇದೆ" ಅಂದು ಶೂಟಿಂಗ್‌ಗೆ ಹೋಗುತ್ತಾರೆ. ಆದರೆ ಅಚ್ಚು ಇರುವುದು ಮಾತಿನಲ್ಲಲ್ಲ. ಬ್ರಾಕೆಟ್ಟಿನಲ್ಲಿ. ಧಾಟಿ, ಟವೆಲ್, ನಿಂತ ಜಾಗ, ಆಕಳಿಕೆ, ಹೆಸರು. ಅದರ ಜೊತೆಗೆ ಮೊದಲ ಸಾಲು ಮತ್ತು ಕೊನೆಯ ಸಾಲಿನಲ್ಲಿ. ಅಂದರೆ ಜೋಕಿನ ಅಂಚಿನಲ್ಲಿ.

ಇದಕ್ಕೆ ನನಗೆ ತುಂಬಾ ಇಷ್ಟವಾದ ಒಂದು ಪ್ರಕರಣ ಇದೆ. ಇದನ್ನು ಸ್ವಲ್ಪ ನಿಧಾನವಾಗಿಯೇ ಹೇಳುತ್ತೇನೆ.

ಬ್ರಿಟನ್ನಿನಲ್ಲಿ 2019ರ ಜೂನ್ 14ರಿಂದ ಹೊಸ ನಿಯಮ ಬಂತು. ಹಾನಿ ಮಾಡುವಂಥ ಗಂಡು ಹೆಣ್ಣಿನ ಅಚ್ಚುಗಳು ಜಾಹೀರಾತಿನಲ್ಲಿ ಇರಬಾರದು ಅಂತ. ಎರಡು ತಿಂಗಳಲ್ಲಿ, ಆಗಸ್ಟಿನಲ್ಲಿ, ಆ ನಿಯಮದ ಅಡಿ ಮೊದಲ ಎರಡು ಜಾಹೀರಾತುಗಳಿಗೆ ನಿಷೇಧ ಬಿತ್ತು. ಒಂದು ಫಿಲಡೆಲ್ಫಿಯಾ ಎಂಬ ಚೀಸಿನದು. ಕಥೆ ಸರಳ. ಇಬ್ಬರು ಅಪ್ಪಂದಿರು ಪುಟ್ಟ ಮಕ್ಕಳನ್ನು ಎತ್ತಿಕೊಂಡು ಹೋಟೆಲಿಗೆ ಬರುತ್ತಾರೆ. ಅಲ್ಲಿ ಉದ್ದದ ಬೆಲ್ಟ್ ಮೇಲೆ ತಿಂಡಿ ತಟ್ಟೆಗಳು ಸಾಗುತ್ತಿರುತ್ತವೆ. ಚೀಸ್ ತಿನ್ನುವ ಸಂಭ್ರಮದಲ್ಲಿ ಇವರು ಮೈಮರೆಯುತ್ತಾರೆ. ಮಕ್ಕಳು ಬೆಲ್ಟ್ ಮೇಲೆ ಕೂತು ತಟ್ಟೆಗಳ ಜೊತೆ ಸಾಗಿಬಿಡುತ್ತವೆ!

ಇದರಲ್ಲಿ ಆಶ್ಚರ್ಯದ ಸಂಗತಿ ಏನು ಗೊತ್ತಾ? ಕಂಪನಿಯವರು ಎಚ್ಚರ ತಪ್ಪಿ ಇದನ್ನು ಮಾಡಿದ್ದಲ್ಲ. "ಮಗು ನೋಡಿಕೊಳ್ಳುವುದು ತಾಯಿಯ ಕೆಲಸ" ಎಂಬ ಹಳೇ ಅಚ್ಚು ಬೇಡ ಎಂದೇ ತಾಯಂದಿರ ಬದಲು ಅಪ್ಪಂದಿರನ್ನು ಹಾಕಿದ್ದರು. ಒಂದು ಅಚ್ಚಿನಿಂದ ತಪ್ಪಿಸಿಕೊಂಡು ಹೋಗಿ "ಗಂಡಸರಿಗೆ ಮಗು ನೋಡಿಕೊಳ್ಳಲು ಬರಲ್ಲ" ಎಂಬ ಇನ್ನೊಂದರಲ್ಲಿ ಬಿದ್ದರು.

ತೀರ್ಪು ಕೊಟ್ಟವರು ಬರೀ ನಡುವಿನ ಜೋಕನ್ನು ನೋಡಲಿಲ್ಲ. ತಿನ್ನುವ ಭರದಲ್ಲಿ ಯಾರಾದರೂ ಮೈಮರೆಯಬಹುದು. ಅವರು ಅಂಚುಗಳನ್ನೂ ಹಿಡಿದರು. ಶುರುವಿನಲ್ಲಿ ತಾಯಿ ಮಗುವನ್ನು ಅಪ್ಪನ ಕೈಗೆ ಕೊಡುತ್ತಾಳೆ. ಕೊನೆಯಲ್ಲಿ ಅಪ್ಪ "ಅಮ್ಮನಿಗೆ ಹೇಳೋದು ಬೇಡ" ಅನ್ನುತ್ತಾನೆ. ಈ ಎರಡು ಸಾಲು ಸೇರಿದ ಮೇಲೆ, ಮಗುವಿನ ನಿಜವಾದ ಜವಾಬ್ದಾರಿ ಅಮ್ಮನದು, ಅಪ್ಪ ಬರೀ ಎರವಲು ಪಡೆದವನು ಅಂತಾಗುತ್ತದೆ. ತಮಾಷೆಗೆ ಮಾಡಿದ್ದು ಎಂಬುದನ್ನು ಅವರು ಒಪ್ಪಿದರು. ಆದರೆ ಅದರಿಂದ ಪರಿಣಾಮ ಕಡಿಮೆ ಆಗಲ್ಲ ಅಂದರು.

ಅದೇ ಕಣ್ಣಿನಿಂದ ನಮ್ಮ ಇನ್ವರ್ಟರ್ ಸ್ಕ್ರಿಪ್ಟ್ ನೋಡಿ. ಕೊನೆಯ ಸಾಲು ಏನು? "ಶಾಂತಿ ಬೇಡವಾ?" ಹೆಂಡತಿ ಅಂದರೆ ಗಲಾಟೆ ಎಂಬುದನ್ನು ಈಗ ಗಂಡ ಮಾತ್ರ ಅಲ್ಲ, ಅಂಗಡಿಯೇ ಹೇಳಿದಂತಾಯಿತು. ಇನ್ವರ್ಟರ್ ತೊಗೊಳ್ಳಲು ಅಂಗಡಿಗೆ ಬರುವವರಲ್ಲಿ ಹೆಂಗಸರೂ ಇರುತ್ತಾರೆ ಎನ್ನುವುದನ್ನೂ ಮರೆತಿದ್ದಾರೆ.

ಇಲ್ಲಿ ಎಲ್ಲರೂ ಮಾಡುವ ಪರೀಕ್ಷೆ ಅದಲು ಬದಲು. ಪಾತ್ರದ ಒಂದೇ ಒಂದು ಗುಣ ಬದಲಿಸಿ ಮತ್ತೆ ಓದುವುದು. ನಗು ಸತ್ತರೆ ಅದು ಅಚ್ಚಿನ ಮೇಲೆ ನಿಂತಿತ್ತು ಅಂತ ಅರ್ಥ. ಮೇಣದಬತ್ತಿಯ ಜೋಕಿಗೆ ಇದು ಚೆನ್ನಾಗಿ ಕೆಲಸ ಮಾಡುತ್ತದೆ. ಮಲ್ಲನ ಬದಲು ಮನೆಯ ಯಜಮಾನನೇ ಕತ್ತಲಲ್ಲಿ ಬತ್ತಿಯನ್ನು ತಲೆಕೆಳಗೆ ಹಿಡಿಯಲಿ. ನಗು ಉಳಿಯುತ್ತದೆ! ಕತ್ತಲಲ್ಲಿ ಯಾರು ಬೇಕಾದರೂ ಹಾಗೆ ಹಿಡಿಯಬಹುದು. ಅಂದ ಮೇಲೆ ಉತ್ತರ ಕರ್ನಾಟಕದ ಧಾಟಿ ಈ ಜೋಕಿಗೆ ಬೇಕಾಗಿಯೇ ಇರಲಿಲ್ಲ. ಅದು ಬಂದದ್ದು "ಆ ಕಡೆಯಿಂದ ಕೆಲಸಕ್ಕೆ ಬರುವವನು ದಡ್ಡ" ಎಂದು ಹೇಳಲು ಮಾತ್ರ. ಬಯಲುಸೀಮೆ, ಉತ್ತರ ಕರ್ನಾಟಕದಿಂದ ಮಲೆನಾಡಿನ ತೋಟಗಳಿಗೆ ಕೆಲಸಕ್ಕೆ ಬರುವವರೂ ಮೊಬೈಲಿನಲ್ಲಿ ಇದೇ ಜಾಹೀರಾತು ನೋಡುತ್ತಾರೆ. ಅದೇ ಧಾಟಿಯಲ್ಲಿ ಮಾತಾಡುವ ಡಾಕ್ಟರು, ಮೇಷ್ಟ್ರು ಜಾಹೀರಾತಿನಲ್ಲಿ ಯಾಕೆ ಇಷ್ಟು ಅಪರೂಪ? ನನಗೆ ಇದು ನಿಜವಾಗಿ ಬೇಜಾರಿನ ವಿಷಯ. ಧಾಟಿ ಬೇಡ ಅಂತಲ್ಲ. ಆ ಧಾಟಿ ಯಾವಾಗಲೂ ದಡ್ಡನ ಬಾಯಲ್ಲೇ ಯಾಕೆ ಅಂತ.

ಆದರೆ ಅದಲು ಬದಲಿಗೂ ಒಂದು ಮಿತಿ ಇದೆ. ಸೀರಿಯಲ್ ಹುಚ್ಚನ್ನು ಹೆಂಡತಿಯಿಂದ ಗಂಡನಿಗೆ ದಾಟಿಸಿ ನೋಡಿ. ಈಗಲೂ ನಗು ಬರುತ್ತದೆ. ಪಾಸಾಯಿತು ಅಂದುಕೊಳ್ಳಬೇಡಿ. "ಗಂಡಸಾಗಿ ಸೀರಿಯಲ್ ನೋಡಿ ಅಳ್ತಾನೆ" ಎಂಬ ನಗು ಅದು. ಅಚ್ಚಿಗೆ ಹೊಂದದವರನ್ನು ತಮಾಷೆಗೂ ಗೇಲಿ ಮಾಡಬಾರದು ಎಂದು ಆಸ್ಕಿಯ 2022ರ ಮಾರ್ಗಸೂಚಿ ಹೇಳುವುದು ಇದನ್ನೇ. ಹಾಗಾಗಿ ನಗು ಉಳಿಯಿತಾ ಎಂದು ಕೇಳಿದರೆ ಸಾಲದು. ನಗು ಯಾವ ಕಾರಣಕ್ಕೆ ಉಳಿಯಿತು ಎಂದು ಕೇಳಬೇಕು.

ಅದಕ್ಕೇ ಇನ್ನೊಂದು ಪರೀಕ್ಷೆ ಮಾಡಿ. ಸ್ಕ್ರಿಪ್ಟಿನ ಮಾತುಗಳನ್ನೆಲ್ಲ ಮುಚ್ಚಿ, ಬ್ರಾಕೆಟ್ಟು, ಹೆಸರು, ವೇಷ ಮಾತ್ರ ಬಿಡಿ. ಯೋಜನೆಗೆ ಸಂಬಂಧವಿಲ್ಲದ ಒಬ್ಬರಿಗೆ ಕೊಡಿ. "ಇವನು ಯಾರು? ಎಲ್ಲಿಯವನು? ಬುದ್ಧಿವಂತನಾ?" ಎಂದು ಕೇಳಿ. ಒಂದೂ ಮಾತು ಓದದೆ ಅವರು ಪಟಪಟ ಉತ್ತರ ಹೇಳಿದರೆ, ಮತ್ತು ಆ ಉತ್ತರ ನಿಮ್ಮ ಜೋಕಿಗೆ ಸರಿಯಾಗಿ ಹೊಂದಿದರೆ, ಕೆಲಸ ಮಾಡುತ್ತಿರುವುದು ಅಚ್ಚು, ನಿಮ್ಮ ಬರವಣಿಗೆ ಅಲ್ಲ. "ನಿಮಗೆ ಬೇಜಾರಾಗುತ್ತಾ?" ಎಂದು ಮಾತ್ರ ಕೇಳಬೇಡಿ. ಎದುರಿಗೆ ಬಾಸ್ ಕೂತಿರುವಾಗ ಯಾರೂ "ಹೌದು" ಅನ್ನಲ್ಲ, "ಪರವಾಗಿಲ್ಲ ಬಿಡಿ" ಅಂತಾರೆ. ಇದನ್ನು ನಟರನ್ನು ಆರಿಸುವ ಮೊದಲೇ ಮಾಡಬೇಕು. ಶೂಟಿಂಗ್ ಮುಗಿದ ಮೇಲೆ ಡಬ್ಬಿಂಗ್‌ನಲ್ಲಿ ಧಾಟಿ ಬದಲಿಸಬಹುದು, ಟವೆಲ್ಲನ್ನೂ ನಿಂತ ಜಾಗವನ್ನೂ ಬದಲಿಸಲು ಆಗಲ್ಲ.

[ಪರದೆ ಮೇಲೆ: ಅಂಗಳದಲ್ಲಿ ನಿಂತ ಮಲ್ಲ]

ಸಮಯ ಓಡುತ್ತಿದೆ. ಜಾತಿ ಮತ್ತು ಉದ್ಯೋಗದ ಮಾತನ್ನು ಒಟ್ಟಿಗೇ ಹೇಳಿಬಿಡುತ್ತೇನೆ. ಮಲ್ಲ ಜಗಲಿ ಹತ್ತಿಲ್ಲ. ಆಷಾಢದ ಮಳೆಯಲ್ಲಿ ಅಂಗಳದಲ್ಲೇ ನಿಂತಿದ್ದಾನೆ. ಅವನಿಗೆ "ಲೇ", ಯಜಮಾನನಿಗೆ "ಸಾವ್ಕಾರ್ರ". ಜಾತಿಯ ಹೆಸರು ಯಾರೂ ಎತ್ತಿಲ್ಲ, ಆದರೆ ಮಲೆನಾಡಿನ ಮನೆ ಕಂಡವರಿಗೆ ಯಾರು ಎಲ್ಲಿವರೆಗೆ ಬರಬಹುದಿತ್ತು ಎಂಬುದನ್ನು ಬಿಡಿಸಿ ಹೇಳಬೇಕಾಗಿಲ್ಲ. 2023ರ ಪರಿಸರ ದಿನಕ್ಕೆ ಝೊಮ್ಯಾಟೊ ಮಾಡಿದ ಜಾಹೀರಾತು ನೆನಪಿರಬಹುದು. "ಲಗಾನ್" ಸಿನಿಮಾದ ದಲಿತ ಪಾತ್ರ ಕಚ್ರಾ, ಅಂದರೆ ಕಸ. ಅದೇ ನಟನನ್ನು ಕರೆತಂದು, ಕಸದಿಂದ ಮರುಬಳಕೆಯಾದ ವಸ್ತುಗಳಾಗಿ ಕೂರಿಸಿ, ನಿಲ್ಲಿಸಿದರು. ಅಲ್ಲೂ ಜಾತಿಯ ಮಾತು ಇರಲಿಲ್ಲ. ಆದರೂ ಕಂಪನಿ ವಿಡಿಯೋ ತೆಗೆಯಬೇಕಾಯಿತು, ಪರಿಶಿಷ್ಟ ಜಾತಿಗಳ ರಾಷ್ಟ್ರೀಯ ಆಯೋಗ ನೋಟಿಸನ್ನೂ ಕೊಟ್ಟಿತು.

ಇನ್ನು ಲೈನ್‌ಮನ್. ಅವನ ಆಕಳಿಕೆ ತಪ್ಪು ಮಾತ್ರವಲ್ಲ, ಸುಳ್ಳು ಕೂಡ. ನಮ್ಮ ಕಡೆ ಮಳೆಗಾಲದಲ್ಲಿ ಕರೆಂಟ್ ಹೋಗುವುದು ಹೆಚ್ಚಾಗಿ ಮರವೋ ಕೊಂಬೆಯೋ ತಂತಿ ಮೇಲೆ ಬಿದ್ದು. ಮೆಸ್ಕಾಂನ ಹುಡುಗರು ಕೆಸರಲ್ಲಿ ನಡೆದು, ಮರ ಕಡಿದು, ನೆನೆದ ಕಂಬ ಹತ್ತಬೇಕು. ನಿಜವನ್ನೇ ಬರೆದರೆ ಅದು ಇನ್ವರ್ಟರಿಗೆ ಇನ್ನೂ ಗಟ್ಟಿ ಕಾರಣ. ಲೈನ್‌ಮನ್ ಎಷ್ಟೇ ಓಡಾಡಿದರೂ ಕರೆಂಟ್ ಬರಲು ಹೊತ್ತು ಬೇಕೇ ಬೇಕು.

[ಪರದೆ ಮೇಲೆ ಹೊಸ ಸ್ಕ್ರಿಪ್ಟ್]

ಗಂಡ ಹೆಂಡತಿ ಒಟ್ಟಿಗೆ ಟಿವಿ ನೋಡುತ್ತಿದ್ದಾರೆ. ಕರೆಂಟ್ ಹೋಗುತ್ತದೆ.
ಇಬ್ಬರೂ: ಅಯ್ಯೋ, ಕೊಲೆ ಮಾಡಿದ್ದು ಯಾರು ಅಂತ ಹೇಳೋ ಹೊತ್ತಿಗೇ!
ಹೆಂಡತಿ (ಫೋನಿನಲ್ಲಿ): ಯಾವಾಗ ಬರುತ್ತೆ ಅಣ್ಣಾ?
ಲೈನ್‌ಮನ್ (ಮಳೆಯ ಸದ್ದು): ದೊಡ್ಡ ಮರ ಬಿದ್ದಿದೆ ಅಕ್ಕಾ, ಕಡೀತಾ ಇದೀವಿ. ಹೊತ್ತಾಗುತ್ತೆ.
ಗಂಡ (ಕತ್ತಲಲ್ಲಿ): ಈ ಮೇಣದಬತ್ತಿ ಹತ್ತೋದೇ ಇಲ್ಲ ಮಾರಾಯ್ತಿ!
ಪಕ್ಕದ ಮನೆಯ ಇನ್ವರ್ಟರ್ ದೀಪ ಕಿಟಕಿಯಿಂದ ಬೀಳುತ್ತದೆ. ಅವನ ಕೈಯಲ್ಲಿ ಬತ್ತಿ ತಲೆಕೆಳಗೆ.

ಮೊದಲ ಸ್ಕ್ರಿಪ್ಟಿನಲ್ಲಿ ನಗು ಮಲ್ಲನ ಬಳಿಯೇ ಮುಗಿಯುತ್ತಿತ್ತು, ಇನ್ವರ್ಟರ್ ಆಮೇಲೆ ಬರುತ್ತಿತ್ತು. ಈಗ ಇನ್ವರ್ಟರ್ ದೀಪ ಬಿದ್ದಾಗಲೇ ನಗು ಬರುತ್ತದೆ. ಲೈನ್‌ಮನ್ನಿನ ಮಾತು ಮಾತ್ರ ಮೊದಲಿಗಿಂತ ಉದ್ದವಾಯಿತು. ಆ ಸೆಕೆಂಡುಗಳನ್ನು ಕೊನೆಯ ಧ್ವನಿಯಿಂದ ಕಡಿಯಿರಿ. ಅಂಗಡಿಯ ವಿಳಾಸ, ಫೋನ್ ನಂಬರು ಬಾಯಲ್ಲಿ ಹೇಳುವುದು ಬೇಡ, ಪರದೆಯ ಮೇಲೆ ಬರಲಿ. ರೇಡಿಯೋಗಾದರೆ ಈ ತಲೆಕೆಳಗಿನ ಬತ್ತಿ ಕಾಣುವುದಿಲ್ಲ, ಅದಕ್ಕೆ ಬೇರೆಯೇ ಜೋಕ್ ಬೇಕು.